ಊಟದ ಅರ್ಧ ಗಂಟೆ ಯಾರ ಲೆಕ್ಕಕ್ಕೆ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ವೃದ್ಧಾಶ್ರಮಗಳ ಸಂಬಳದ ಲೆಕ್ಕ ಮಾಡುವ ಕೆಲಸದಲ್ಲಿ ನಾನು ಕೆಲವು ವರ್ಷ ಇದ್ದೆ. ಸೇರಿದ ಮೊದಲ ವಾರ ನನಗೆ ವಿಚಿತ್ರವಾಗಿ ಕಂಡದ್ದು ಊಟದ ಕಾಲಂ. ನಮ್ಮಲ್ಲಿ ತಿಂಗಳ ಸಂಬಳದವರು ಊಟಕ್ಕೆ ಅರ್ಧ ಗಂಟೆ ಹೋದರೂ ಮುಕ್ಕಾಲು ಗಂಟೆ ಹೋದರೂ ಸಂಬಳದ ಚೀಟಿಗೆ ಅದು ಗೊತ್ತಾಗುವುದಿಲ್ಲ. ಅಲ್ಲಿ ಆರೈಕೆ ಸಹಾಯಕಿಯರಿಗೆ ಗಂಟೆ ಲೆಕ್ಕದ ಕೂಲಿ, ಊಟದ ಹೊತ್ತಿಗೆ ಕೂಲಿ ಇಲ್ಲ. ಊಟಕ್ಕೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಪಂಚ್ ಮಾಡಬೇಕು. ಮರೆತರೆ ಟೈಮ್‌ಶೀಟ್‌ನಲ್ಲಿ ಆ ಜಾಗ ಖಾಲಿ.

ಖಾಲಿ ಜಾಗ ಕಂಡರೆ ಅರ್ಧ ಗಂಟೆ ಕಳೆದುಬಿಡು ಎಂದು ಸಾಫ್ಟ್‌ವೇರ್‌ಗೆ ಹೇಳಿಡಬಹುದು. ಬಹಳ ಕಡೆ ಹಾಗೇ ಹೇಳಿಟ್ಟಿರುತ್ತಾರೆ. ಯಾರು ತಾನೆ ಎಂಟು ಗಂಟೆ ಉಪವಾಸ ಇರುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಆದರೆ ಖಾಲಿ ಜಾಗಕ್ಕೆ ಎರಡು ಅರ್ಥಗಳಿವೆ. ಊಟ ಮಾಡಿ ಪಂಚ್ ಮರೆತಿರಬಹುದು, ಇಲ್ಲವೇ ಊಟಕ್ಕೇ ಬಿಡುವು ಸಿಗದೆ ಹೋಗಿರಬಹುದು. ಮೊದಲನೆಯದಾದರೆ ಕಳೆಯುವುದು ಸರಿ, ಎರಡನೆಯದಾದರೆ ಅದು ದುಡಿದ ಕೂಲಿಯನ್ನೇ ಕಿತ್ತುಕೊಂಡಂತೆ. ಟೈಮ್‌ಶೀಟ್ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

ಅಲ್ಲಿನ 1938ರ ಕಾರ್ಮಿಕ ಕಾಯ್ದೆ ಊಟದ ಬಿಡುವು ಕೊಡಲೇಬೇಕು ಎನ್ನುವುದಿಲ್ಲ. ಅದನ್ನು ಹೇಳುವುದು ಕೆಲವು ರಾಜ್ಯಗಳ ಕಾನೂನು. ಆದರೆ ಕೂಲಿ ಕಳೆಯಬೇಕಾದರೆ ಆ ಹೊತ್ತು ನಿಜವಾದ ಊಟದ ಬಿಡುವಾಗಿರಬೇಕು ಎಂದು ಕಾರ್ಮಿಕ ಇಲಾಖೆಯ ನಿಯಮ ಹೇಳುತ್ತದೆ. ಸಾಮಾನ್ಯವಾಗಿ ಮೂವತ್ತು ನಿಮಿಷವಾದರೂ ಇರಬೇಕು, ಆ ಹೊತ್ತಿನಲ್ಲಿ ಕೆಲಸದಿಂದ ಪೂರ್ತಿ ಬಿಡುಗಡೆ ಇರಬೇಕು. ಕಟ್ಟಡ ಬಿಟ್ಟು ಹೊರಗೆ ಹೋಗಬೇಕೆಂದಿಲ್ಲ. ಆದರೆ ಒಂದು ಕೈಯಲ್ಲಿ ಸ್ಯಾಂಡ್‌ವಿಚ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕೂತರೆ ಅದು ಕೆಲಸವೇ. ಐದರಿಂದ ಇಪ್ಪತ್ತು ನಿಮಿಷದ ಸಣ್ಣ ವಿರಾಮಕ್ಕೆ ಕೂಲಿ ಕೊಡಲೇಬೇಕು.

ಒಂದು ವಾರದ ಲೆಕ್ಕ ನೋಡೋಣ. ಸಹಾಯಕಿಯೊಬ್ಬಳ ಕೂಲಿ ಗಂಟೆಗೆ 20 ಡಾಲರ್. ಬೆಳಗ್ಗೆ 7ಕ್ಕೆ ಬಂದು ಮಧ್ಯಾಹ್ನ 3:30ಕ್ಕೆ ಹೋಗುತ್ತಾಳೆ, ದಿನಕ್ಕೆ ಎಂಟೂವರೆ ಗಂಟೆ, ಐದು ದಿನಕ್ಕೆ 42.5. ಮಂಗಳವಾರ, ಶುಕ್ರವಾರ ಸರಿಯಾಗಿ ಅರ್ಧ ಗಂಟೆ ಊಟದ ಪಂಚ್ ಇದೆ. ಗುರುವಾರ 12:10ಕ್ಕೆ ಹೋಗಿ 12:28ಕ್ಕೆ ಬಂದಿದ್ದಾಳೆ. ಸೋಮವಾರ, ಬುಧವಾರ ಖಾಲಿ.

ದಿನಕ್ಕೆ ಅರ್ಧ ಗಂಟೆ ಕಣ್ಣುಮುಚ್ಚಿ ಕಳೆದರೆ 40 ಗಂಟೆ, 800 ಡಾಲರ್. ಪಂಚ್ ಇದ್ದಷ್ಟನ್ನೇ ಕಳೆದರೆ 41.2 ಗಂಟೆ. ನಲವತ್ತು ದಾಟಿದ ಹೊತ್ತಿಗೆ ಒಂದೂವರೆ ಪಟ್ಟು ಕೂಲಿ, ಅಂದರೆ ಗಂಟೆಗೆ 30 ಡಾಲರ್, ಆದ್ದರಿಂದ ಒಟ್ಟು 836. (ಹದಿನೆಂಟು ನಿಮಿಷ ಎಂದರೆ 0.18 ಗಂಟೆಯಲ್ಲ, 0.3. ಹೊಸಬರೆಲ್ಲ ಒಮ್ಮೆಯಾದರೂ ಇಲ್ಲಿ ಎಡವುತ್ತಾರೆ. ನಾನೂ ಎಡವಿದ್ದೆ.)

ಎರಡೂ ತಪ್ಪು. ಕೇಳಿದಾಗ ಅವಳು ಹೇಳಿದ್ದು ಹೀಗೆ: ಸೋಮವಾರ 12ರಿಂದ 12:30ರವರೆಗೆ ಊಟಕ್ಕೆ ಹೋಗಿದ್ದೆ, ಪಂಚ್ ಮರೆತೆ. ಬುಧವಾರ ಒಬ್ಬರು ಅಜ್ಜಿ ಬಿದ್ದರು, ಆಂಬುಲೆನ್ಸ್ ಬರುವವರೆಗೂ ಅವರ ಜೊತೆಗಿದ್ದೆ, ಆಮೇಲೆ ಊಟಕ್ಕೆ ಹೊತ್ತೇ ಆಗಲಿಲ್ಲ. ಗುರುವಾರ ಅರ್ಧ ಊಟದಲ್ಲಿ ಕರೆ ಬಂತು, ಎದ್ದು ಹೋದೆ. ಹಾಗಾದರೆ ಸೋಮವಾರ, ಮಂಗಳವಾರ, ಶುಕ್ರವಾರ ಮಾತ್ರ ಅರ್ಧರ್ಧ ಗಂಟೆ ಕಳೆಯಬೇಕು. ಗುರುವಾರದ ಹದಿನೆಂಟು ನಿಮಿಷ ಸಣ್ಣ ವಿರಾಮ, ಅದಕ್ಕೆ ಕೂಲಿ ಇದೆ. ಒಟ್ಟು 41 ಗಂಟೆ, 830 ಡಾಲರ್. ಪಂಚ್ ಇಲ್ಲದ ಒಂದು ದಿನ ಕಳೆದೆವು, ಪಂಚ್ ಇದ್ದ ಒಂದು ದಿನ ಕಳೆಯಲಿಲ್ಲ. ಈ ಉತ್ತರ ಯಾವ ಸೂತ್ರದಿಂದಲೂ ಬರುವಂಥದ್ದಲ್ಲ.

ಹೀಗೆ ಕೇಳುವುದಕ್ಕೂ ಒಂದು ರೀತಿ ಇದೆ. “ಸೋಮವಾರ ಊಟ ಮಾಡಿದಿರಿ ಅಲ್ವಾ?” ಎಂದರೆ ಹೌದು ಎಂದೇ ಹೇಳುತ್ತಾರೆ. ಕೇಳುವವರು ಮೇಲಿನವರಾದರೆ ಕೇಳುವುದೇ ಬೇಡ. “ಸೋಮವಾರ ಮೂವತ್ತು ನಿಮಿಷ ಕೆಲಸದಿಂದ ಬಿಡುವು ಸಿಕ್ಕಿತ್ತೇ? ಎಷ್ಟು ಗಂಟೆಯಿಂದ ಎಷ್ಟರವರೆಗೆ?” ಎಂದು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಬೇಕು. ಮಾರನೆಯ ದಿನವೇ ಕೇಳಬೇಕು, ಹದಿನೈದು ದಿನ ಕಳೆದ ಮೇಲೆ ಯಾವ ಊಟ ಯಾರಿಗೆ ನೆನಪಿರುತ್ತದೆ? ತಿದ್ದುವಾಗ ಮೂಲ ಪಂಚ್‌ಗಳನ್ನು ಅಳಿಸಬಾರದು. ತಿದ್ದಿದ್ದು ಯಾರು, ಯಾವಾಗ, ಯಾಕೆ ಎಂಬುದು ಪಕ್ಕದಲ್ಲೇ ಇರಬೇಕು. ಸಂಬಳ ಹೋಗುವ ಗಡುವಿನೊಳಗೆ ಉತ್ತರ ಬಾರದಿದ್ದರೆ ಕಳೆಯದೆ ಕೊಟ್ಟುಬಿಡುವುದು ಮೇಲು ಎಂದು ನನ್ನ ಅಭಿಪ್ರಾಯ. ಹೆಚ್ಚು ಕೊಟ್ಟರೆ ಹೋಗುವುದು ಹತ್ತೋ ಹದಿನೈದೋ ಡಾಲರ್. ಓವರ್‌ಟೈಮ್ ಕಡಿಮೆ ಕೊಟ್ಟದ್ದು ಕೋರ್ಟಿಗೆ ಹೋದರೆ ಬಾಕಿಯ ಜೊತೆಗೆ ಅಷ್ಟೇ ಮೊತ್ತದ ಪರಿಹಾರವನ್ನೂ ತೆರಬೇಕಾಗಬಹುದು.

ಮಾಲೀಕರ ವಾದ ಯಾವಾಗಲೂ ಒಂದೇ: ಮರೆತದ್ದು ಅವರ ತಪ್ಪು. ಆದರೆ ಕೆಲಸದ ಹೊತ್ತನ್ನು ದಾಖಲಿಸುವ ಹೊಣೆಯನ್ನು ಕಾಯ್ದೆ ಮಾಲೀಕರ ಮೇಲೆ ಹೊರಿಸಿದೆ. ಮಿಶಿಗನ್‌ನ ಮೌಂಟ್ ಕ್ಲೆಮೆನ್ಸ್ ಕುಂಬಾರಿಕೆ ಕಾರ್ಖಾನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1946ರಲ್ಲೇ ಇದನ್ನು ಹೇಳಿತು: ದಾಖಲೆ ಸರಿಯಿಲ್ಲದಿದ್ದರೆ ಕೆಲಸಗಾರ ನಿಮಿಷ ನಿಮಿಷದ ಲೆಕ್ಕ ಒಪ್ಪಿಸಬೇಕಿಲ್ಲ, ನಂಬುವಂಥ ಅಂದಾಜು ಕೊಟ್ಟರೆ ಸಾಕು, ಅದನ್ನು ಸುಳ್ಳೆಂದು ತೋರಿಸುವ ಭಾರ ಮಾಲೀಕನದು.

ಹಾಗೆಂದು ತಾನಾಗಿ ಕಳೆಯುವ ಪದ್ಧತಿಯೇ ಕಾನೂನುಬಾಹಿರವಲ್ಲ. ಮೆಂಫಿಸ್ ನಗರದ ಆಸ್ಪತ್ರೆಯೊಂದರಲ್ಲಿ ಊಟದ ಹೊತ್ತನ್ನು ತಾನಾಗಿ ಕಳೆಯುತ್ತಿದ್ದರು. ಊಟ ತಪ್ಪಿದರೆ ಬರೆಯಲು ಬೇರೆ ಪುಸ್ತಕ ಇಟ್ಟಿದ್ದರು. ದಾದಿಯೊಬ್ಬರು ಆ ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟು ಆಮೇಲೆ ದಾವೆ ಹೂಡಿದರು. ತಪ್ಪಿದ ಊಟದ ಸುದ್ದಿ ಆಸ್ಪತ್ರೆಗೆ ಗೊತ್ತಿರಲಿಲ್ಲ, ತಿಳಿಸಲು ದಾರಿ ಇತ್ತು ಎಂದು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಆಸ್ಪತ್ರೆಯ ಪರ ತೀರ್ಪು ಕೊಟ್ಟಿತು. ಇದನ್ನು ಓದಿ ನಿರಾಳವಾಗುವ ಮ್ಯಾನೇಜರ್‌ಗಳನ್ನು ಕಂಡಿದ್ದೇನೆ. ಅವರು ಗಮನಿಸದ ಮಾತೊಂದಿದೆ: ಬುಧವಾರ ಅಜ್ಜಿ ಬಿದ್ದಾಗ ಮೇಲ್ವಿಚಾರಕಿ ಅಲ್ಲೇ ನಿಂತಿದ್ದರೆ, ಪುಸ್ತಕದಲ್ಲಿ ಬರೆದಿಲ್ಲ ಎಂಬ ನೆಪ ನಿಲ್ಲುವುದು ಕಷ್ಟ. ಮಾಲೀಕರಿಗೆ ಗೊತ್ತಿದ್ದ ಕೆಲಸಕ್ಕೆ ಕೂಲಿ ಕೊಡಲೇಬೇಕು.

ಕ್ಯಾಲಿಫೋರ್ನಿಯಾದಲ್ಲಂತೂ ಖಾಲಿ ಜಾಗ ಮಾಲೀಕರಿಗೇ ತಿರುಗುತ್ತದೆ. ಐದು ಗಂಟೆ ಮೀರಿದ ಕೆಲಸಕ್ಕೆ ಐದನೇ ಗಂಟೆ ಮುಗಿಯುವುದರೊಳಗೆ ಅರ್ಧ ಗಂಟೆ ಊಟದ ಬಿಡುವು ಸಿಗಬೇಕು, ಸಿಗದಿದ್ದರೆ ಆ ದಿನಕ್ಕೆ ಒಂದು ಗಂಟೆಯ ಹೆಚ್ಚುವರಿ ಕೂಲಿ. ಅಲ್ಲಿ ದಾದಿಯರನ್ನು ಒದಗಿಸುವ ಎಎಂಎನ್ ಎಂಬ ಕಂಪನಿಯ ಸಾಫ್ಟ್‌ವೇರ್ ಪಂಚ್‌ಗಳನ್ನು ಹತ್ತು ನಿಮಿಷದ ಲೆಕ್ಕಕ್ಕೆ ಹೊಂದಿಸುತ್ತಿತ್ತು. 11:02ಕ್ಕೆ ಹೋಗಿ 11:25ಕ್ಕೆ ಬಂದರೆ ಅದು 11:00ರಿಂದ 11:30 ಆಗುತ್ತಿತ್ತು, ಇಪ್ಪತ್ಮೂರು ನಿಮಿಷದ ಊಟ ಪೂರ್ತಿ ಅರ್ಧ ಗಂಟೆಯಾಗಿ ಕಾಣುತ್ತಿತ್ತು. ಊಟದ ಪಂಚ್‌ಗಳನ್ನು ಹೀಗೆ ದುಂಡಾಗಿಸಬಾರದು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ದಾಖಲೆಯಲ್ಲಿ ಊಟ ಕಾಣದಿದ್ದರೆ ಬಿಡುವು ಕೊಟ್ಟಿಲ್ಲ ಎಂದೇ ಮೊದಲು ಭಾವಿಸಬೇಕು, ಅಲ್ಲವೆಂದು ಮಾಲೀಕರು ಸಾಧಿಸಲಿ ಎಂದೂ ಹೇಳಿತು.

ಈಗ ಕೆಲವು ಕಡೆ ಮನೆಗೆ ಹೋಗುವ ಪಂಚ್ ಹೊಡೆಯುವಾಗ ಪರದೆಯ ಮೇಲೆ ಪ್ರಶ್ನೆ ಬರುತ್ತದೆ: ಇವತ್ತು ಊಟಕ್ಕೆ ಪೂರ್ತಿ ಬಿಡುವು ಸಿಕ್ಕಿತೇ? ಒಳ್ಳೆಯ ಉಪಾಯವೇ. ಆದರೆ ‘ಇಲ್ಲ’ ಎಂದು ಒತ್ತಿದವರು ಮ್ಯಾನೇಜರ್ ಬರುವವರೆಗೆ ನಿಲ್ಲಬೇಕು ಎಂದಿದ್ದರೆ ಎಲ್ಲರೂ ‘ಹೌದು’ ಒತ್ತಿ ಬಸ್ ಹಿಡಿಯುತ್ತಾರೆ. ನಾನು ಲೆಕ್ಕ ಪರಿಶೀಲಿಸುವಾಗ ಖಾಲಿ ಜಾಗಗಳಿರುವ ಟೈಮ್‌ಶೀಟ್‌ಗಿಂತ ಹೆಚ್ಚು ಹೊತ್ತು ನೋಡುತ್ತಿದ್ದದ್ದು ನಲವತ್ತು ಜನರೂ ಎರಡು ವಾರ ಪೂರ್ತಿ 12:00ರಿಂದ 12:30ಕ್ಕೆ ಉಂಡ ಟೈಮ್‌ಶೀಟ್‌ಗಳನ್ನು. ಅಷ್ಟೂ ಜನ ಒಟ್ಟಿಗೆ ಊಟಕ್ಕೆ ಕೂತಿದ್ದರೆ ಅಜ್ಜ ಅಜ್ಜಿಯರನ್ನು ನೋಡಿಕೊಂಡವರು ಯಾರು?