ಅಪ್ಪನ ಫೋನಿಗೆ ಎರಡು ಆ್ಯಪ್



ವಾಟ್ಸಾಪ್‌ನಲ್ಲಿ ನಾನು ಕಳಿಸುವ ಫೋಟೋ ಬರುತ್ತದೆ, ವಿಡಿಯೋ ಕರೆ ಮಾತ್ರ ಯಾಕೆ ಬರುವುದಿಲ್ಲ ಎಂದು ಕೇಳಿದ್ದಿರಿ. ತಪ್ಪು ನಿಮ್ಮ ಫೋನಿನದೂ ಅಲ್ಲ, ಪುತ್ತೂರಿನ ನೆಟ್‌ವರ್ಕಿನದೂ ಅಲ್ಲ. ದುಬೈ ಇರುವ ಯುಎಇಯಲ್ಲಿ ಇಂಟರ್ನೆಟ್ ಮೂಲಕ ಮಾತಾಡುವ ಆ್ಯಪ್‌ಗಳಿಗೆ ಸರಕಾರದ ಅನುಮತಿ ಬೇಕು. ವಾಟ್ಸಾಪ್‌ನ ಸಂದೇಶಗಳಿಗೆ ಇಲ್ಲಿ ತಡೆಯಿಲ್ಲ, ಕರೆಗೆ ಇದೆ. ಅದಕ್ಕೇ ನಿಮ್ಮಲ್ಲಿ ರಿಂಗಾದರೂ ಎತ್ತಿದ ಮೇಲೆ ಮಾತು ಕೇಳಿಸುವುದಿಲ್ಲ.

ಇಲ್ಲಿ ಅನುಮತಿ ಇರುವ ಆ್ಯಪ್‌ಗಳಲ್ಲಿ ಬೋಟಿಮ್ ಒಂದು. ಗಲ್ಫಿನಲ್ಲಿರುವ ನಮ್ಮ ಊರಿನವರು ಬಹುತೇಕ ಅದನ್ನೇ ಬಳಸುತ್ತಾರೆ. ಅದು ನಿಮ್ಮ ಫೋನಿನಲ್ಲೂ ಇರಬೇಕು. ಪ್ಲೇ ಸ್ಟೋರಿನಲ್ಲಿ BOTIM ಎಂದು ಹುಡುಕಿ ಇನ್‌ಸ್ಟಾಲ್ ಮಾಡಿ, ನಿಮ್ಮ ಮೊಬೈಲ್ ನಂಬರ್ ಕೊಡಿ. ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡನ್ನು ಆ ಆ್ಯಪ್‌ನಲ್ಲಿ ಹಾಕಿದರೆ ಆಯಿತು. ಯಾರಾದರೂ ಫೋನ್ ಮಾಡಿ ಆ ಕೋಡ್ ಕೇಳಿದರೆ, ನನ್ನ ಹೆಸರು ಹೇಳಿ ಕೇಳಿದರೂ, ಕೊಡಬೇಡಿ. ಕ್ಯಾಮೆರಾ, ಮೈಕ್ ಬಳಸಲೇ ಎಂದು ಆ್ಯಪ್ ಕೇಳಿದಾಗ Allow ಒತ್ತಿ. ಮೈಕ್ ಬೇಡ ಎಂದರೆ ನಿಮ್ಮ ಮುಖ ಕಾಣುತ್ತದೆ, ದನಿ ಬರುವುದಿಲ್ಲ.

ಇಷ್ಟಾದ ಮೇಲೂ ಒಂದು ಕಾಟವಿದೆ. ಕೆಲವು ಫೋನುಗಳು ಬ್ಯಾಟರಿ ಉಳಿಸಲು, ತುಂಬ ಹೊತ್ತು ಮುಟ್ಟದ ಆ್ಯಪನ್ನು ಮಲಗಿಸಿಬಿಡುತ್ತವೆ. ಆಗ ನಾನು ಎಷ್ಟು ಸಲ ಕರೆದರೂ ನಿಮಗೆ ರಿಂಗ್ ಕೇಳುವುದಿಲ್ಲ, ಆ್ಯಪ್ ತೆರೆದಾಗ ಮಿಸ್ಡ್ ಕಾಲ್‌ಗಳು ಒಟ್ಟಿಗೇ ಕಾಣುತ್ತವೆ. ಹಾಗಾದರೆ ಬೋಟಿಮ್ ಗುರುತಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, App info ಬರುತ್ತದೆ. ಅದರೊಳಗೆ Battery, ಆಮೇಲೆ Unrestricted. ಎಲ್ಲ ಫೋನಿನಲ್ಲೂ ಇದೇ ಹೆಸರು ಇರದು. ಸಿಗದಿದ್ದರೆ ಪಕ್ಕದ ಮನೆಯ ಹುಡುಗನಿಗೆ ತೋರಿಸಿ.

ಎರಡನೆಯದು ಗೂಗಲ್ ಫೋಟೋಸ್. ನಿಮ್ಮ ಫೋನಿನಲ್ಲಿ ಬಹುಶಃ ಈಗಾಗಲೇ ಇದೆ, ನೋಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ, ಫೋನಿನ ಜಾಗವನ್ನೂ ತಿನ್ನುತ್ತದೆ. ಮಗುವಿನ ಫೋಟೋಗಳಿಗೆ ನಾನೊಂದು ಆಲ್ಬಮ್ ಮಾಡಿ ಅದರ ಲಿಂಕ್ ಕಳಿಸುತ್ತೇನೆ. ಅದನ್ನು ಮುಟ್ಟಿ Join ಒತ್ತಿ. ನಾನು ಹೊಸದು ಸೇರಿಸಿದಾಗೆಲ್ಲ ಅಲ್ಲೇ ಕಾಣುತ್ತದೆ. ನೋಡಿದ್ದನ್ನೆಲ್ಲ ಸೇವ್ ಮಾಡಬೇಡಿ. ಗೂಗಲ್ ಬಿಟ್ಟಿ ಕೊಡುವುದು 15 ಜಿಬಿ ಮಾತ್ರ, ನಿಮ್ಮ ಜಿಮೇಲ್ ಕೂಡ ಅದರಲ್ಲೇ ಕೂರಬೇಕು. ಆಲ್ಬಮ್ಮಿನಲ್ಲಿ ಸುಮ್ಮನೆ ನೋಡಿದರೆ ನಿಮ್ಮ ಲೆಕ್ಕದ ಜಾಗ ಖರ್ಚಾಗುವುದಿಲ್ಲ. ಅಡಿಕೆ ತೋಟದ ಫೋಟೋ ನೀವೂ ಅದಕ್ಕೆ ಸೇರಿಸಬಹುದು, ಅದು ಮಾತ್ರ ನಿಮ್ಮ ಲೆಕ್ಕಕ್ಕೆ.

ಕರೆ ಭಾನುವಾರ ಸಂಜೆ ನಿಮ್ಮ ಏಳೂವರೆಗೆ ಇರಲಿ. ಇಲ್ಲಿ ಆಗ ಆರು ಗಂಟೆ. ವರ್ಷವಿಡೀ ಅದೇ ಒಂದೂವರೆ ಗಂಟೆಯ ಅಂತರ. ಅಂಗಳದಲ್ಲಿ ಕೂರಬೇಡಿ, ವೈಫೈ ಡಬ್ಬಿ ಇರುವ ಚಾವಡಿಯಲ್ಲೇ ಕೂರಿ. ಚಿತ್ರ ನಿಂತು ನಿಂತು ಬಂದರೆ ಕ್ಯಾಮೆರಾ ಆಫ್ ಮಾಡಿ, ಮಾತಾದರೂ ಕಡಿಯದೆ ಸಾಗುತ್ತದೆ. ಅಮ್ಮನಿಗೂ ಓದಿ ಹೇಳಿ.

ನಿಮ್ಮ ಮಗಳು