ಹತ್ತಕ್ಕೆ ಹತ್ತು ಕೊಡಿ ಸಾರ್

ಸರ್ವಿಸ್‌ಗೆ ಬಿಟ್ಟ ಬೈಕನ್ನು ವಾಪಸ್ ತರುವಾಗ ಸೂಪರ್‌ವೈಸರ್ ಮೆಲ್ಲಗೆ ಹೇಳುವ ಮಾತು ಅನೇಕರಿಗೆ ಪರಿಚಿತ: "ಸಾರ್, ನಾಳೆ ಕಂಪನಿಯಿಂದ ಫೋನ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ. ಇಲ್ಲಾಂದ್ರೆ ನಮಗೆ ತೊಂದರೆ." ಪಾಪ ಅನ್ನಿಸಿ ಕೊಟ್ಟುಬಿಡುತ್ತೇವೆ. ಕಿರುಗುಡುವ ಬ್ರೇಕಿನ ಸುದ್ದಿ ಕಂಪನಿಗೆ ತಲುಪುವುದೇ ಇಲ್ಲ.

ಹೀಗೆ ಅಂಕ ಕೇಳುವ ಪದ್ಧತಿ ಹರಡಿದ್ದು ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ ಬರೆದ ಲೇಖನದಿಂದ. ಅವರಿಗೆ ದಾರಿ ತೋರಿದ್ದು ಎಂಟರ್‌ಪ್ರೈಸ್ ಎಂಬ ಅಮೆರಿಕದ ಬಾಡಿಗೆ ಕಾರು ಕಂಪನಿ. ಅದು ಗ್ರಾಹಕರಿಗೆ ಎರಡೇ ಪ್ರಶ್ನೆ ಕೇಳುತ್ತಿತ್ತು: ಅನುಭವ ಹೇಗಿತ್ತು, ಮತ್ತೆ ನಮ್ಮಲ್ಲಿಗೇ ಬರುತ್ತೀರಾ? ರೈಕ್‌ಹೆಲ್ಡ್ ಅದನ್ನು ಒಂದಕ್ಕಿಳಿಸಿದರು: ನಮ್ಮ ಬಗ್ಗೆ ಸ್ನೇಹಿತರಿಗೆ ಹೇಳುವಿರಾ, 0ಯಿಂದ 10ರೊಳಗೆ ಎಷ್ಟು ಕೊಡುತ್ತೀರಿ? 9, 10 ಕೊಟ್ಟವರು ಮೆಚ್ಚಿದವರು. 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರು ಅಸಮಾಧಾನಿಗಳು. ಮೊದಲನೆಯವರ ಶೇಕಡಾವಾರಿನಿಂದ ಎರಡನೆಯವರದನ್ನು ಕಳೆದರೆ ಬರುವುದೇ ಕಂಪನಿಯ ಅಂಕ. ನಡುವಿನ 7, 8 ಕೂಡುವುದಕ್ಕೂ ಇಲ್ಲ, ಕಳೆಯುವುದಕ್ಕೂ ಇಲ್ಲ.

ನಮ್ಮ ಬೀದಿಯ ಗ್ಯಾರೇಜೊಂದು ಇದನ್ನು ಮಾಡಿತು ಅಂದುಕೊಳ್ಳೋಣ. ಗಾಡಿ ಕೊಟ್ಟ ಮರುದಿನ 40 ಜನರಿಗೆ ವಾಟ್ಸಾಪ್ ಹೋಯಿತು, 20 ಉತ್ತರ ಬಂತು. 11 ಮಂದಿ ಮೆಚ್ಚಿದರು, 5 ಮಂದಿ ನಡುವೆ, 4 ಮಂದಿಗೆ ಅಸಮಾಧಾನ. 55ರಲ್ಲಿ 20 ಕಳೆದರೆ 35. ಆ ನಾಲ್ವರಲ್ಲಿ ಒಬ್ಬರು ಮನಸ್ಸು ಬದಲಿಸಿ 9 ಕೊಟ್ಟಿದ್ದರೆ ಅಂಕ 45 ಆಗುತ್ತಿತ್ತು! ಒಬ್ಬ ಗಿರಾಕಿಯಿಂದ ಹತ್ತು ಅಂಕ ಏರುವಾಗ, ಸಣ್ಣ ಅಂಗಡಿಯವರು ತಿಂಗಳ ಅಂಕಕ್ಕೆ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ.

ಬೆಲೆಯಿರುವುದು ಎರಡನೆಯ ಪ್ರಶ್ನೆಗೆ: ಈ ಅಂಕ ಕೊಡಲು ಮುಖ್ಯ ಕಾರಣ ಏನು? ನಾಲ್ವರಲ್ಲಿ ಮೂವರು "ಹೇಳಿದ್ದಕ್ಕಿಂತ ಬಿಲ್ ಜಾಸ್ತಿ" ಎಂದು ಬರೆದಿದ್ದರೆ ಮೆಕ್ಯಾನಿಕ್‌ನನ್ನು ಬೈದು ಫಲವಿಲ್ಲ. ಕೆಲಸದ ಕ್ರಮವೇ ಬದಲಾಗಬೇಕು. ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಅಂದಾಜು ಮೊತ್ತ ಬರೆಯಬೇಕು, ಹೊಸ ಪಾರ್ಟ್ ಹಾಕುವ ಮುನ್ನ ಫೋನ್ ಮಾಡಿ ಕೇಳಬೇಕು. ಒಂದೆರಡು ದಿನದೊಳಗೆ ಮಾಲೀಕರೇ ನಾಲ್ವರಿಗೂ ಕರೆ ಮಾಡಿ, ಏನು ಬದಲಾಯಿತೆಂದು ತಿಳಿಸಬೇಕು. ಅಂಕ ತಿದ್ದಿಸಲು ಹೋಗಬಾರದು. ಮುಂದಿನ ತಿಂಗಳು ಬಿಲ್ಲಿನ ದೂರು ನಿಂತಿದೆಯೇ ಎಂದು ನೋಡಿದರೆ ಸಾಕು.

ಉತ್ತರಿಸದ 20 ಮಂದಿಯನ್ನೂ ಮರೆಯುವಂತಿಲ್ಲ. ಬೇಸರಗೊಂಡವರು ಬೈಯುವ ಗೋಜಿಗೇ ಹೋಗದೆ ಬೇರೆ ಗ್ಯಾರೇಜ್ ಹುಡುಕಿಕೊಂಡಿರಬಹುದು. ಅವರಲ್ಲಿ ಐದಾರು ಜನರಿಗಾದರೂ ಫೋನ್ ಮಾಡಬೇಕು.

ಬೇಡಿ ಪಡೆದ ಹತ್ತನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಎಲ್ಲರದೂ 10, ಕಾರಣದ ಜಾಗ ಮಾತ್ರ ಖಾಲಿ ಇರುತ್ತದೆ. ಸೂಪರ್‌ವೈಸರನ ಇನ್ಸೆಂಟಿವ್ ಅಂಕಕ್ಕೆ ಕಟ್ಟುಬಿದ್ದಿರುವವರೆಗೂ ಅವನು ಬೇಡುತ್ತಲೇ ಇರುತ್ತಾನೆ. ಆ ಗಂಟನ್ನು ಮೊದಲು ಬಿಚ್ಚಬೇಕು. ಆಮೇಲೂ ಅನುಮಾನ ಉಳಿದರೆ ಹಳೆಯ ಜಾಬ್ ಕಾರ್ಡುಗಳನ್ನು ತೆಗೆದು, ಹತ್ತು ಕೊಟ್ಟವರ ಗಾಡಿ ನಂಬರುಗಳಲ್ಲಿ ಎಷ್ಟು ಮುಂದಿನ ಸರ್ವಿಸ್‌ಗೆ ಬಂದಿವೆ ಎಂದು ಎಣಿಸಬೇಕು.