ಪೀಠಿಕೆಯಡಿ ಹೂತ ಮಾತು

ಪ್ರಬಂಧದ ಮುಖ್ಯ ಪ್ರತಿಪಾದನೆ ಅನೇಕ ವೇಳೆ ಅದರ ಕೊನೆಯ ಭಾಗದಲ್ಲಿ ಅಡಗಿರುತ್ತದೆ. ಅದನ್ನು ಎತ್ತಿ ಮೊದಲಿಗೆ ತಂದರೆ, ಮುಂದಿದ್ದ ಪೀಠಿಕೆಯ ಬಹುಭಾಗ ಅನಾವಶ್ಯಕವಾಗುತ್ತದೆ.

‘ನಮ್ಮೂರ ಕೆರೆ’ ಎಂಬ ಪ್ರಬಂಧವೊಂದನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ 5 ವಾಕ್ಯವೃಂದಗಳಿವೆ. ಮೊದಲನೆಯದು, ನೀರಿಲ್ಲದೆ ಜೀವವಿಲ್ಲ ಎನ್ನುತ್ತದೆ. ಎರಡನೆಯದು, ಕೆರೆ ಕಟ್ಟಿಸಿದ ಹಿಂದಿನವರನ್ನು ಕೊಂಡಾಡುತ್ತದೆ. ರೈತರು ಬೇಸಿಗೆಯಲ್ಲಿ ಹೂಳನ್ನು ತೆಗೆದು ಗಾಡಿಗಳಲ್ಲಿ ಹೊಲಗಳಿಗೆ ಹೇರುತ್ತಿದ್ದುದನ್ನೂ ನಡುವೆ ಹೇಳುತ್ತದೆ. ಮೂರನೆಯದು ಏರಿ, ತೂಬು, ಕೋಡಿಗಳ ವರ್ಣನೆ. ನಾಲ್ಕನೆಯದರಲ್ಲಿ, ಒಳ್ಳೆಯ ಮಳೆಯಾದ ವರ್ಷವೂ ಕೆರೆ ಬೇಗನೆ ತುಂಬಿ ಕೋಡಿ ಹರಿದು, ಬೇಸಿಗೆಗೆ ಮೊದಲೇ ಬತ್ತುವುದೆಂಬ ಸಂಗತಿ ಬರುತ್ತದೆ. ಐದನೆಯದರ ನಡುವೆ ಈ ವಾಕ್ಯವಿದೆ: “ಆದ್ದರಿಂದ ಇದಕ್ಕೆ ಕಾರಣ ಮಳೆಯ ಕೊರತೆಯಲ್ಲ, ಹೂಳು.”

ಇದೇ ಪ್ರತಿಪಾದನೆ. ಓದಿದೊಡನೆ “ಹೌದೆ? ಅದು ಹೇಗೆ?” ಎಂದು ಕೇಳಬೇಕೆನ್ನಿಸುವ ವಾಕ್ಯ ಇದೊಂದೇ. ನೀರಿಲ್ಲದೆ ಜೀವವಿಲ್ಲವೆಂದರೆ ಯಾರೂ ಪ್ರಶ್ನಿಸುವುದಿಲ್ಲ. ಇಂತಹ ಮಾತು ಕೆಳಗೆ ಹೂತುಹೋಗುವುದು ಸೋಮಾರಿತನದಿಂದಲ್ಲ. ಬರೆಯುತ್ತ ಬರೆಯುತ್ತಲೇ ಲೇಖಕನಿಗೆ ಅದು ಹೊಳೆಯುತ್ತದೆ. ತಾನು ನಡೆದುಬಂದ ದಾರಿಯನ್ನೆಲ್ಲ ಓದುಗನೂ ನಡೆಯಲೆಂದು ಹಾಗೆಯೇ ಬಿಟ್ಟಿರುತ್ತಾನೆ.

ವಾಕ್ಯವನ್ನು ಇದ್ದಂತೆಯೇ ಮೇಲಕ್ಕೆ ತರಲಾಗದು. ‘ಆದ್ದರಿಂದ’ ಎಂಬುದಕ್ಕೆ ಹಿಂದೆ ಏನೂ ಇರುವುದಿಲ್ಲ; ‘ಇದಕ್ಕೆ’ ಎಂದರೆ ಯಾವುದಕ್ಕೆ ಎಂಬುದೂ ತಿಳಿಯದು. ಆಗ ಹೀಗೆ ಬರೆಯಬೇಕು: “ನಮ್ಮೂರ ಕೆರೆ ಬೇಸಿಗೆಗೆ ಮೊದಲೇ ಬತ್ತುವುದಕ್ಕೆ ಕಾರಣ ಮಳೆಯ ಕೊರತೆಯಲ್ಲ, ಅದರಲ್ಲಿ ತುಂಬಿರುವ ಹೂಳು.”

ಇನ್ನು ಪೀಠಿಕೆ. ಮೊದಲನೆಯ ವಾಕ್ಯವೃಂದವನ್ನು ನದಿ, ಬಾವಿ, ಮಳೆ ಯಾವುದರ ಪ್ರಬಂಧಕ್ಕೂ ಅಂಟಿಸಬಹುದು. ಅದನ್ನು ಪೂರ್ತಿ ಹೊಡೆದುಹಾಕಬೇಕು. ಎರಡನೆಯದರಲ್ಲಿ ಹೊಗಳಿಕೆಯನ್ನು ಬಿಟ್ಟು, ಹೂಳು ಹೇರುತ್ತಿದ್ದ ಸಂಗತಿಯನ್ನು ಉಳಿಸಿಕೊಳ್ಳಬೇಕು. ಆ ರೂಢಿ ನಿಂತುದೇ ಹೂಳು ಬೆಳೆಯಲು ಕಾರಣವಾದ್ದರಿಂದ ಅದು ಈಗ ಆಧಾರ. ಪೀಠಿಕೆಯನ್ನು ಕಣ್ಣುಮುಚ್ಚಿ ಕತ್ತರಿಸುವವರು ಇಂತಹ ಆಧಾರವನ್ನೂ ಕಳೆದುಕೊಳ್ಳುತ್ತಾರೆ. ಮೂರನೆಯದರಲ್ಲಿ ಕೋಡಿಯೆಂದರೆ ಹೆಚ್ಚಿನ ನೀರು ಹೊರಹರಿಯುವ ದಾರಿ ಎಂಬಷ್ಟು ಸಾಕು. ಅದನ್ನು ಕೋಡಿಯ ಮಾತು ಬರುವಲ್ಲಿಯೇ ಸೇರಿಸಬಹುದು.

ವಾಕ್ಯವನ್ನು ಕಿತ್ತ ಸ್ಥಳವನ್ನೂ ಮರೆಯಬಾರದು. ಅದೇ ಮಾತನ್ನು ಅಲ್ಲಿ ಮತ್ತೆ ಹೇಳದೆ, ಹೂಳು ತುಂಬಿದಷ್ಟು ನೀರಿಗೆ ಎಡೆ ಕಡಿಮೆಯಾಗುವುದೆಂಬ ತರ್ಕವನ್ನು ಇಡಬೇಕು.

ಈ ಕ್ರಮ ಎಲ್ಲ ಬರಹಕ್ಕೂ ಹೊಂದುವುದಿಲ್ಲ. ಲಲಿತ ಪ್ರಬಂಧದಲ್ಲಿ ಸುತ್ತುದಾರಿಯೇ ಸೊಗಸು. ವಾದವನ್ನು ಹೂಡುವ ಪ್ರಬಂಧದಲ್ಲಿಯಾದರೋ, ಪ್ರತಿಪಾದನೆ ಮೇಲೆ ಬಂದೊಡನೆ ಅದರ ದೌರ್ಬಲ್ಯವೂ ಬೆಳಕಿಗೆ ಬರುತ್ತದೆ. ತೂಬು ಸೋರಿದರೂ ಕೆರೆ ಬತ್ತೀತಲ್ಲವೆ ಎಂದು ಓದುಗನು ಮೊದಲ ಸಾಲಿನಲ್ಲಿಯೇ ಕೇಳುತ್ತಾನೆ. ಉತ್ತರ ನಾಲ್ಕನೆಯ ವಾಕ್ಯವೃಂದದಲ್ಲಿದೆ: ತೂಬು ಸೋರುವ ಕೆರೆ ತುಂಬುವುದು ತಡವಾಗಬೇಕು, ಈ ಕೆರೆಯಾದರೋ ಬೇಗನೆ ಕೋಡಿ ಹರಿಯುತ್ತದೆ.